ಚಿತ್ತಾಪುರದ ಸುಣ್ಣದ ಕಲ್ಲಿನ ಗಣಿ: ಕೊನೆಯ ವರ್ಷದ 34 ಕೋಟಿ ಮತ್ತು ಎರಡೆರಡು ಐಆರ್‌ಆರ್

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಕಡೆ ನೆಲದ ಮೇಲೆ ಎರೆಮಣ್ಣು, ಅದರ ಕೆಳಗೆ ಸುಣ್ಣದ ಕಲ್ಲು. ಮೇಲೆ ತೊಗರಿ ಬೆಳೆಯುತ್ತಾರೆ, ಕೆಳಗಿನ ಕಲ್ಲು ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಎರಡೂ ಒಂದೇ ಜಾಗದಲ್ಲಿ ಇರುವುದೇ ಇಲ್ಲಿನ ಎಲ್ಲ ಲೆಕ್ಕದ ಗಂಟು. ನಾನು ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಚಿತ್ತಾಪುರ ತಾಲ್ಲೂಕಿನ ಒಂದು ಸಣ್ಣ ಗಣಿಯ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಚ್ಚಿಡುತ್ತೇನೆ. ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ, ಓದಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಗುತ್ತಿಗೆ ಜಾಗ 20 ಹೆಕ್ಟೇರ್. ಅದರಲ್ಲಿ ಗುಂಡಿ ತೋಡುವುದು 15 ಹೆಕ್ಟೇರ್‌ನಲ್ಲಿ, ಉಳಿದ 5 ಹೆಕ್ಟೇರ್ ಮಣ್ಣಿನ ದಿಬ್ಬಕ್ಕೆ, ದಾರಿಗೆ, ವರ್ಕ್‌ಶಾಪ್‌ಗೆ. ಮೇಲಿನ 2 ಮೀಟರ್ ಎರೆಮಣ್ಣು, ಅದರ ಕೆಳಗೆ ತೆಗೆಯಬಹುದಾದ ಕಲ್ಲು 10 ಮೀಟರ್. ಅಂದರೆ 15 ಲಕ್ಷ ಘನ ಮೀಟರ್ ಕಲ್ಲು. ಘನ ಮೀಟರ್‌ಗೆ ಎರಡೂವರೆ ಟನ್ ಹಿಡಿದರೆ 37.5 ಲಕ್ಷ ಟನ್. ವರ್ಷಕ್ಕೆ 7.5 ಲಕ್ಷ ಟನ್‌ನಂತೆ 5 ವರ್ಷದ ಕೆಲಸ.

ಯಂತ್ರ, ದಾರಿ, ಕ್ರಷರ್, ಮೊದಲ ಮಣ್ಣು ತೆಗೆಯುವ ಖರ್ಚು ಎಲ್ಲ ಸೇರಿ ಶುರುವಿಗೆ 12 ಕೋಟಿ ಬೇಕು. ರಾಯಲ್ಟಿ, ಡೀಸೆಲ್, ಕೂಲಿ, ಮದ್ದು ಎಲ್ಲ ಕಳೆದ ಮೇಲೆ ವರ್ಷಕ್ಕೆ 8 ಕೋಟಿ ಕೈಗೆ ಉಳಿಯುತ್ತದೆ. ಟನ್‌ಗೆ ಸುಮಾರು 107 ರೂಪಾಯಿ. ಬ್ಯಾಂಕ್ ಸಾಲದ ಬಡ್ಡಿ 11%. ಮಾಲೀಕರ ಸಲಹೆಗಾರರು ತಯಾರಿಸಿದ ಮೊದಲ ಹಾಳೆಯಲ್ಲಿ ಇದ್ದದ್ದು ಇಷ್ಟೇ: 12 ಕೋಟಿ ಹೋಯಿತು, ಐದು ವರ್ಷ ಎಂಟೆಂಟು ಕೋಟಿ ಬಂತು. ಐಆರ್‌ಆರ್ 60%. ಅಂದರೆ ಹಾಕಿದ ದುಡ್ಡು ವರ್ಷಕ್ಕೆ ನೂರಕ್ಕೆ ಅರವತ್ತು ದುಡಿಯುತ್ತದೆ ಎಂಬ ಲೆಕ್ಕ.

ಆ ಹಾಳೆಯಲ್ಲಿ ಇಲ್ಲದ್ದು ಆರನೇ ವರ್ಷ. ಖನಿಜದ ಹಕ್ಕು ಸರ್ಕಾರ ಕೊಟ್ಟರೂ ಹೊಲ ರೈತರದ್ದು. ಅವರ ಜೊತೆ ಮಾಡಿಕೊಂಡ ಕರಾರಿನಲ್ಲಿ ಒಂದು ಸಾಲು ಇತ್ತು: ಗಣಿ ಮುಗಿದ ಮೇಲೆ ಗುಂಡಿ ಮುಚ್ಚಿ, ಬೆಳೆ ಬೆಳೆಯುವ ಸ್ಥಿತಿಯಲ್ಲಿ ಹೊಲ ವಾಪಸ್ ಕೊಡಬೇಕು. ಮಾಲೀಕರು ಅದಕ್ಕೆ ಸಹಿ ಹಾಕಿದ್ದರು. ಖರ್ಚು ಎಷ್ಟು ಅಂತ ಕೇಳಿದಾಗ ಬಂದ ಉತ್ತರ, "ಅದಕ್ಕ ಗ್ಯಾರಂಟಿ ಕೊಟ್ಟೀವಲ್ರಿ ಸರ್, ಒಂದು ಕೋಟಿ."

ಈ ಗೊಂದಲ ನಾನು ಜಾಸ್ತಿ ನೋಡಿದ್ದೇನೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಗಣಿ ಮುಚ್ಚುವ ಯೋಜನೆಗೆ ಹಣಕಾಸಿನ ಭದ್ರತೆ ಇಡಬೇಕು. 2021ರ ತಿದ್ದುಪಡಿ ಆದ ಮೇಲೆ ಎ ವರ್ಗದ ಗಣಿಗೆ ಬಳಕೆಯಲ್ಲಿರುವ ಹೆಕ್ಟೇರ್‌ಗೆ 5 ಲಕ್ಷ, ಬಿ ವರ್ಗಕ್ಕೆ 3 ಲಕ್ಷ. ಇದು ಎ ವರ್ಗದ ಗಣಿ, 20 ಹೆಕ್ಟೇರ್‌ಗೆ 1 ಕೋಟಿ ಆಯಿತು. ಆದರೆ ಅದು ಖರ್ಚಿನ ಅಂದಾಜೇ ಅಲ್ಲ. ಕೆಲಸ ಮಾಡದಿದ್ದರೆ ಮುಟ್ಟುಗೋಲು ಹಾಕಿಕೊಳ್ಳಲು ಇಟ್ಟ ಭದ್ರತೆ ಅದು. ಇಷ್ಟು ಆಳದ ಗುಂಡಿಯನ್ನು ಹೆಕ್ಟೇರ್‌ಗೆ 5 ಲಕ್ಷದಲ್ಲಿ ಯಾರೂ ಮುಚ್ಚಲಾರರು. ಇನ್ನೊಂದು ಷರತ್ತೂ ಇದೆ. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತನ್ನು ಗಣಿ ಗುತ್ತಿಗೆಗಳಿಗೆ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಅದರ ಖರ್ಚೂ ಈ ಹಾಳೆಯಲ್ಲಿ ಇರಲಿಲ್ಲ.

ನಿಜವಾದ ಖರ್ಚು ಅಳೆಯಲು ಗುಂಡಿಯ ಅಳತೆಯಿಂದಲೇ ಶುರು ಮಾಡಬೇಕು. ಕಬ್ಬಿಣದ ಅದಿರಿನಂಥ ಗಣಿಯಲ್ಲಿ ತ್ಯಾಜ್ಯದ ರಾಶಿಯೇ ದೊಡ್ಡದಿರಬಹುದು, ಅದನ್ನೇ ಗುಂಡಿಗೆ ತುಂಬಬಹುದು. ಸುಣ್ಣದ ಕಲ್ಲಿನಲ್ಲಿ ಹಾಗಲ್ಲ. ತೆಗೆದದ್ದೆಲ್ಲ ಮಾರಾಟವಾಗಿ ಹೋಗುತ್ತದೆ. ಉಳಿಯುವುದು ಮೇಲಿನ 3 ಲಕ್ಷ ಘನ ಮೀಟರ್ ಎರೆಮಣ್ಣು ಮಾತ್ರ. ಮಿಕ್ಕ 15 ಲಕ್ಷ ಘನ ಮೀಟರ್ ಹೊರಗಿಂದ ತರಬೇಕು. ಹತ್ತಿರದಲ್ಲಿ ಫರ್ಸಿ ಕಲ್ಲಿನ ಗಣಿಗಳ ತ್ಯಾಜ್ಯದ ದಿಬ್ಬಗಳಿವೆ, ವಸ್ತುವಿಗೆ ಕೊರತೆ ಇಲ್ಲ. ಖರ್ಚಿರುವುದು ತುಂಬಿ, ಸಾಗಿಸಿ, ಸುರಿದು, ಪದರ ಪದರವಾಗಿ ರೋಲರ್ ಹಾಯಿಸುವುದರಲ್ಲಿ. ಆರನೇ ವರ್ಷದ ದರದಲ್ಲಿ ಘನ ಮೀಟರ್‌ಗೆ 190 ರೂಪಾಯಿ ಹಿಡಿದರೆ 28.5 ಕೋಟಿ. ದಿಬ್ಬದಲ್ಲಿಟ್ಟ ಎರೆಮಣ್ಣನ್ನು ಮತ್ತೆ ಮೇಲೆ ಹರಡಲು 90 ರೂಪಾಯಿಯಂತೆ 2.7 ಕೋಟಿ. ಮಟ್ಟ ಮಾಡುವುದು, ನೀರು ಹರಿಯುವ ಕಾಲುವೆ, ಹುಲ್ಲು, ಬೇಲಿ, ಕ್ರಷರ್ ಕಿತ್ತು ಹಾಕುವುದು, ಆಮೇಲಿನ ನಿಗಾ ಎಲ್ಲಕ್ಕೆ 2.8 ಕೋಟಿ. ಒಟ್ಟು 34 ಕೋಟಿ.

ಇದನ್ನು ಇವತ್ತಿನ ದರದಲ್ಲಿ ಲೆಕ್ಕ ಹಾಕಿದರೆ 24 ಕೋಟಿ ಬರುತ್ತದೆ. ಡೀಸೆಲ್, ಕೂಲಿ ವರ್ಷಕ್ಕೆ 6% ಏರುತ್ತವೆ ಎಂದು ಹಿಡಿದು ಆರು ವರ್ಷ ಮುಂದೆ ಒಯ್ದರೆ 34. ಇವತ್ತಿನ 24 ಕೋಟಿಯನ್ನೇ ಆರನೇ ವರ್ಷದ ಕಾಲಂನಲ್ಲಿ ಹಾಕಿಬಿಟ್ಟರೆ, ಬಡ್ಡಿಯ ಲೆಕ್ಕದಲ್ಲಿ ಅದು ಇನ್ನೂ ಕುಗ್ಗುತ್ತದೆ, ಏರಿಕೆ ಮಾತ್ರ ಎಲ್ಲೂ ಸೇರುವುದಿಲ್ಲ. ಗುಂಡಿ ಮುಚ್ಚುವ ಅಂದಾಜು ಕೈಗೆ ಬಂದಾಗ ಅದು ಯಾವ ವರ್ಷದ ದರ ಅಂತ ಮೊದಲು ಕೇಳಬೇಕು.

ಈಗ ಹಾಳೆ ಹೀಗಾಯಿತು, ಎಲ್ಲ ಕೋಟಿ ರೂಪಾಯಿಗಳಲ್ಲಿ:

```
B2: -12  C2: 8  D2: 8  E2: 8  F2: 8  G2: 8  H2: -34

=IRR(B2:H2)              14.2%
=IRR(B2:H2, 0.4)         37.0%
=NPV(0.11, C2:H2)+B2     -0.61
```

ಒಂದೇ ಹಾಳೆ, ಒಂದೇ ಅಂಕಿಗಳು, ಎರಡು ಐಆರ್‌ಆರ್. ಬ್ಯಾಂಕಿನವರು ಸುಮ್ನೆ ಫಾರ್ಮುಲಾ ಹಾಕಿದ್ದರು, 14.2 ಬಂತು. ಸಲಹೆಗಾರರು ಮೊದಲು 60 ಇತ್ತಲ್ಲ, ಈಗ 40ರ ಆಸುಪಾಸು ಬರಬಹುದು ಅಂತ ಊಹೆಯ ಜಾಗದಲ್ಲಿ 0.4 ಕೊಟ್ಟಿದ್ದರು, 37 ಬಂತು. ಎಕ್ಸೆಲ್‌ಗೆ ಊಹೆ ಕೊಡದಿದ್ದರೆ ಅದು 10%ನಿಂದ ಹುಡುಕಲು ಶುರು ಮಾಡಿ, ಹತ್ತಿರ ಸಿಕ್ಕ ಉತ್ತರದಲ್ಲಿ ನಿಲ್ಲುತ್ತದೆ. ಇನ್ನೊಂದು ಉತ್ತರ ಇದೆ ಅಂತ ಅದು ಹೇಳುವುದಿಲ್ಲ. ಇಬ್ಬರೂ ತಪ್ಪು ಮಾಡಿರಲಿಲ್ಲ. ಎರಡೂ ದರಗಳಲ್ಲಿ ಎನ್‌ಪಿವಿ, ಅಂದರೆ ಎಲ್ಲ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ ಕೂಡಿದ ಮೊತ್ತ, ಸೊನ್ನೆಯೇ ಆಗುತ್ತದೆ.

ಆತಂಕದ ವಿಷಯ ಬೇರೆ ಇದೆ. 14.2 ಆಗಲಿ, 37 ಆಗಲಿ, ಬ್ಯಾಂಕಿನ 11%ಗಿಂತ ಮೇಲೇ ಇವೆ. ಐಆರ್‌ಆರ್ ಬಡ್ಡಿಗಿಂತ ಜಾಸ್ತಿ ಇದ್ದರೆ ಪ್ರಾಜೆಕ್ಟ್ ಒಪ್ಪಬಹುದು ಅನ್ನುವುದು ಎಲ್ಲರಿಗೂ ಗೊತ್ತಿರುವ ಸೂತ್ರ. ಆದರೆ 11%ನಲ್ಲಿ ಎನ್‌ಪಿವಿ 61 ಲಕ್ಷ ನಷ್ಟ ತೋರಿಸುತ್ತಿದೆ. ಬಡ್ಡಿ ಯಾವುದೂ ಇಲ್ಲದೆ ಬರೀ ಕೂಡಿ ಕಳೆದರೂ ಗೊತ್ತಾಗುತ್ತದೆ: ಬಂದದ್ದು 40, ಹೋದದ್ದು 46. ಆರು ಕೋಟಿ ಕಡಿಮೆ. ಹಾಕಿದ್ದಕ್ಕಿಂತ ಕಡಿಮೆ ವಾಪಸ್ ಕೊಡುವ ಗಣಿಗೆ 37% ಆದಾಯ ಎಲ್ಲಿಂದ ಬರುತ್ತದೆ?

ಇನ್ನೂ ವಿಚಿತ್ರ ಎಂದರೆ ದರ ಏರಿಸಿದಂತೆ ಈ ಗಣಿ ಚೆನ್ನಾಗಿ ಕಾಣುತ್ತದೆ. 12%ನಲ್ಲಿ 39 ಲಕ್ಷ ನಷ್ಟ, 20%ನಲ್ಲಿ 54 ಲಕ್ಷ ಲಾಭ, 25%ನಲ್ಲಿ 60 ಲಕ್ಷ ಲಾಭ. ಆಮೇಲೆ ಇಳಿಯುತ್ತಾ 40%ನಲ್ಲಿ ಮತ್ತೆ 23 ಲಕ್ಷ ನಷ್ಟ. ಗಣಿ ಅಂದರೆ ರಿಸ್ಕ್ ಜಾಸ್ತಿ, ಅದಕ್ಕೇ 20% ಹಾಕಿ ನೋಡೋಣ ಅಂತ ಒಬ್ಬರು ಎಚ್ಚರಿಕೆಗಾಗಿಯೇ ಹೇಳಿದ್ದರು. ಆ ಎಚ್ಚರಿಕೆ ಇಲ್ಲಿ ಉಲ್ಟಾ ಹೊಡೆಯುತ್ತದೆ. ದರ ಏರಿದಷ್ಟೂ ಕೊನೆಯ 34 ಕೋಟಿಯ ಇವತ್ತಿನ ಬೆಲೆ ಕುಗ್ಗುತ್ತದೆ: 11%ನಲ್ಲಿ 18.2 ಕೋಟಿ ಇದ್ದದ್ದು 20%ನಲ್ಲಿ 11.4 ಕೋಟಿ ಆಗುತ್ತದೆ. ಹೊಣೆ ಅಷ್ಟೇ ಇದೆ, ಕಾಗದದ ಮೇಲೆ ಮಾತ್ರ ಸಣ್ಣದಾಯಿತು.

ಇದು ಹೇಗೆ ಅಂತ ಮಾಲೀಕರು ಕೇಳಿದರು. "ಒಂದು ಗಣಿಗೆ ಎರಡು ಐಆರ್‌ಆರ್ ಹ್ಯಾಂಗ ಬರ್ತಾವ್ರಿ ಸರ್? ಯಾವುದು ಖರೇ ಅದ?" ವರ್ಷ ವರ್ಷ ಲೆಕ್ಕ ಬರೆದು ತೋರಿಸಿದೆ. 37% ಖರೆ ಎಂದುಕೊಳ್ಳೋಣ. 12 ಕೋಟಿ ಹಾಕಿದ್ದು ಮೊದಲ ವರ್ಷ 37% ಸೇರಿ 16.44 ಆಗುತ್ತದೆ, 8 ಬಂತು, 8.44 ಬಾಕಿ. ಎರಡನೇ ವರ್ಷದ ಕೊನೆಗೆ ಬಾಕಿ 3.56. ಮೂರನೇ ವರ್ಷ ಹಾಕಿದ ದುಡ್ಡೆಲ್ಲ ಬಂದು, 3.12 ಕೋಟಿ ಮೇಲೆ ಉಳಿಯುತ್ತದೆ. ಇಲ್ಲಿಂದ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. ಈಗ ಕೈಯಲ್ಲಿರುವ ದುಡ್ಡು ಲಾಭ ಅಲ್ಲ, ಆರನೇ ವರ್ಷ ತೀರಿಸಬೇಕಾದ ಸಾಲ. ಸಾಲ ಕೊಟ್ಟವರು ಹೊಲದವರು. ಮೊದಲ ಮೂರು ವರ್ಷ ಗಣಿ ದುಡ್ಡು ಹಾಕಿದವನ ಜಾಗದಲ್ಲಿತ್ತು, ಆಮೇಲೆ ಸಾಲ ತೆಗೆದುಕೊಂಡವನ ಜಾಗಕ್ಕೆ ಬಂತು. ದುಡ್ಡು ಹಾಕಿದವನಿಗೆ ಮೇಲಿನ ದರ ಭಾರ. ಸಾಲದ ದುಡ್ಡು ಕೈಯಲ್ಲಿಟ್ಟುಕೊಂಡವನಿಗೆ ಮೇಲಿನ ದರ ಅನುಕೂಲ. ಎರಡೂ ಒಂದೇ ಹಾಳೆಯಲ್ಲಿ ಬೆರೆತಿರುವುದರಿಂದ ಉತ್ತರವೂ ಎರಡು.

ಮುಂದಿನ ಸಾಲು ನೋಡಿ ಮಾಲೀಕರು ಸುಮ್ಮನಾದರು. ಆ 3.12 ಕೋಟಿ 37% ಬೆಳೆದು, ಹೊಸ 8 ಸೇರಿ ನಾಲ್ಕನೇ ವರ್ಷ 12.27. ಐದನೇ ವರ್ಷ 24.81. ಕೊನೆಯ ಒಂದು ವರ್ಷದಲ್ಲಿ, ಗಣಿ ನಿಂತಿರುವಾಗ, ಈ 24.81 ಕೋಟಿ ಮತ್ತೆ 37% ದುಡಿದು 34 ಕೋಟಿ ಆಗಬೇಕು. ಆಗ ಮಾತ್ರ ಗುಂಡಿ ಮುಚ್ಚಲು ದುಡ್ಡು ಸಾಕಾಗುತ್ತದೆ. 37% ಅನ್ನುವ ಉತ್ತರದೊಳಗೆ ಅಡಗಿರುವ ನಂಬಿಕೆ ಇದು. ಠೇವಣಿ ಇಟ್ಟರೆ ಯಾವ ಬ್ಯಾಂಕ್ 37% ಕೊಡುತ್ತದೆ? 14.2%ಗೂ ಇದೇ ಮಾತು. ಮೀಸಲು ದುಡ್ಡು 14.2% ದುಡಿಯುತ್ತದೆ ಎಂದು ಹಿಡಿದಾಗ ಮಾತ್ರ ಅದು ನಿಜ.

ಹಾಗಾದರೆ ನಿಜಕ್ಕೆ ಹತ್ತಿರದ ಲೆಕ್ಕ ಯಾವುದು? ಎನ್‌ಪಿವಿ ಮೇಲು, ಆದರೆ ಅದರಲ್ಲೂ 34 ಕೋಟಿಯನ್ನು 11%ನಲ್ಲಿ ಇಳಿಸಿದ್ದೇವೆ. ಗುಂಡಿ ಮುಚ್ಚಲೇಬೇಕಾದ ಹೊಣೆಯನ್ನು ಸಾಲದ ಬಡ್ಡಿಯಲ್ಲಿ ಇಳಿಸುವುದು ನನಗೆ ಒಪ್ಪಿಗೆ ಇಲ್ಲ. ಲೆಕ್ಕಪತ್ರದ ಮಾನದಂಡ ಇಂಡ್ ಎಎಸ್ 37 ಕೂಡ ಆ ಹೊಣೆಯದೇ ರಿಸ್ಕ್‌ಗೆ ತಕ್ಕ ದರ ಹಾಕಿ ಎನ್ನುತ್ತದೆ. ನಾನು ಮಾಡಿದ್ದು ಇಷ್ಟು: ಕೊನೆಯ ಖರ್ಚನ್ನು ಹಾಳೆಯ ತುದಿಯಿಂದ ತೆಗೆದು, ಪ್ರತಿ ವರ್ಷದ ಆದಾಯದಲ್ಲೇ ಕಟ್ಟಿಸುವುದು. 7% ಸಿಗುವ ಠೇವಣಿಯಲ್ಲಿ ಐದು ವರ್ಷ ಎಷ್ಟೆಷ್ಟು ಇಟ್ಟರೆ ಆರನೇ ವರ್ಷ 34 ಕೋಟಿ ಆಗುತ್ತದೆ? ವರ್ಷಕ್ಕೆ 5.53 ಕೋಟಿ. ಟನ್‌ಗೆ 74 ರೂಪಾಯಿ.

107 ರೂಪಾಯಿ ಉಳಿಯುತ್ತಿದ್ದ ಕಲ್ಲಿನಲ್ಲಿ 74 ರೂಪಾಯಿ ಗುಂಡಿಯದ್ದು. ವರ್ಷಕ್ಕೆ ಕೈಗೆ ಸಿಗುವುದು 2.47 ಕೋಟಿ ಮಾತ್ರ. ಈಗ ಹಾಳೆಯಲ್ಲಿ ಚಿಹ್ನೆ ಒಂದೇ ಸಲ ಬದಲಾಗುತ್ತದೆ: ಮೊದಲು ಒಂದು ಕಳೆ, ಆಮೇಲೆ ಐದು ಕೂಡು. ಇಂಥ ಹಾಳೆಗೆ ಐಆರ್‌ಆರ್ ಒಂದೇ. ಅದು 1%. ಎನ್‌ಪಿವಿ 2.85 ಕೋಟಿ ನಷ್ಟ. ಅರವತ್ತರಿಂದ ಶುರುವಾದ ಕಥೆ ಒಂದಕ್ಕೆ ಬಂದು ನಿಂತಿತು.

ಹೋಗುವ ದುಡ್ಡಿಗೂ ಬರುವ ದುಡ್ಡಿಗೂ ದರವನ್ನು ನಾವೇ ಕೊಟ್ಟು ಒಂದೇ ಉತ್ತರ ತೆಗೆಯುವ ಎಂಐಆರ್‌ಆರ್ ಯಾಕೆ ಹಾಕಬಾರದು ಎಂದು ಬ್ಯಾಂಕಿನವರು ಕೇಳಿದರು. ಹಾಕಬಹುದು. ಎರಡೂ ಕಡೆ 11% ಕೊಟ್ಟರೆ 10.6% ಬರುತ್ತದೆ, 11ಕ್ಕಿಂತ ಕೆಳಗೆ, ಅಂದರೆ ಎನ್‌ಪಿವಿ ಹೇಳಿದ್ದನ್ನೇ ಹೇಳುತ್ತದೆ. ಆದರೆ 10.6 ನೋಡಿದವರು ಸ್ವಲ್ಪದರಲ್ಲಿ ತಪ್ಪಿತು ಅಂದುಕೊಳ್ಳುತ್ತಾರೆ. ಟನ್‌ಗೆ 74 ರೂಪಾಯಿ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ.

ತೆರಿಗೆಯ ತೊಂದರೆ ಇದರ ಮೇಲೆ. ಈ ಗಣಿಗಾಗಿಯೇ ಬೇರೆ ಕಂಪನಿ ಮಾಡಿದ್ದರು. ಐದು ವರ್ಷ ಲಾಭದ ಮೇಲೆ ತೆರಿಗೆ ಕಟ್ಟಿ, ಆರನೇ ವರ್ಷ 34 ಕೋಟಿ ಖರ್ಚು ಬಂದಾಗ ಆದಾಯವೇ ಇರುವುದಿಲ್ಲ. ನಮ್ಮಲ್ಲಿ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು, ಹಿಂದಿನ ವರ್ಷಗಳ ಲಾಭಕ್ಕೆ ಹೊಂದಿಸಲು ಬರುವುದಿಲ್ಲ. ಮುಚ್ಚಿದ ಗಣಿಗೆ ಮುಂದಿನ ವರ್ಷ ಎಲ್ಲಿದೆ? 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಜಾಗ ಸರಿಪಡಿಸುವ ನಿಧಿಗೆ ವಿನಾಯಿತಿ ಕೊಡುವ 33ಎಬಿಎ ಎಂಬ ಕಲಂ ಇತ್ತು, ಆದರೆ ಅದು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಕ್ಕೆ. ಸುಣ್ಣದ ಕಲ್ಲಿಗೆ ಅಲ್ಲ.

ಇಷ್ಟೆಲ್ಲ ಆದರೂ ಸಾಲಕ್ಕೆ ಅಡ್ಡಿ ಇರಲಿಲ್ಲ ಅನ್ನುವುದು ನನಗೆ ಅತಿ ಹೆಚ್ಚು ಕಾಡಿದ ಸಂಗತಿ. ಬ್ಯಾಂಕಿನ ಸಾಲ ನಾಲ್ಕು ವರ್ಷಕ್ಕೆ ತೀರುತ್ತದೆ. ವರ್ಷಕ್ಕೆ 8 ಕೋಟಿ ಬರುವಾಗ ಕಂತಿಗೆ ತೊಂದರೆಯೇ ಇಲ್ಲ. ಮಾಲೀಕರು ಮನಸ್ಸು ಮಾಡಿದರೆ ಐದು ವರ್ಷದ ದುಡ್ಡು ಹೊರಗೆ ತೆಗೆದು, ಖಾಲಿ ಕಂಪನಿಯನ್ನೂ 1 ಕೋಟಿಯ ಗ್ಯಾರಂಟಿಯನ್ನೂ ಬಿಟ್ಟು ನಡೆಯಬಹುದು. ಆಗ ಆರನೇ ವರ್ಷದ ಕಳೆ ಚಿಹ್ನೆ ಯಾರ ಹಾಳೆಯಲ್ಲಿ ಬೀಳುತ್ತದೆ? 15 ಹೆಕ್ಟೇರ್ ತೊಗರಿ ಹೊಲದವರ ಹಾಳೆಯಲ್ಲಿ. ಸಭೆಗೆ ಬಂದಿದ್ದ ಒಬ್ಬ ಮುತ್ಯಾ ಐಆರ್‌ಆರ್ ಮಾತೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಸಾಹೇಬ್ರ, ನಮ್ಮ ಹೊಲ ತುಂಬೋ ರೊಕ್ಕ ಯಾರ ಹಂತ್ಯಾಕ ಇರ್ತದ? ಅಷ್ಟು ಹೇಳ್ರಿ." ಪೂರ್ತಿ ಲೆಕ್ಕದಲ್ಲಿ ಕೇಳಲೇಬೇಕಿದ್ದ ಪ್ರಶ್ನೆ ಅದು. ನಮ್ಮ ಯಾವ ಹಾಳೆಯಲ್ಲೂ ಅದಕ್ಕೆ ಕಾಲಂ ಇರಲಿಲ್ಲ.

ಆಮೇಲೆ ಯೋಜನೆಯನ್ನೇ ಮತ್ತೆ ಬರೆಯಲಾಯಿತು. ರೈತರು ಕೂತು ಮಾತಾಡಿದ ಮೇಲೆ 15ರಲ್ಲಿ 5 ಹೆಕ್ಟೇರ್ ಪೂರ್ತಿ ತುಂಬಿ ಹೊಲ ಮಾಡುವುದು, 10 ಹೆಕ್ಟೇರ್ ನೀರು ನಿಲ್ಲುವ ಕೆರೆಯಾಗಿ ಬಿಡುವುದು ಎಂದಾಯಿತು. ಕೆರೆಯಾಗುವ ಭಾಗದ ಹೊಲದವರಿಗೆ 2.5 ಕೋಟಿ ಪರಿಹಾರ. ಕೆರೆಯ ದಡವನ್ನು ನೆಟ್ಟಗಿನ ಗೋಡೆಯಾಗಿ ಬಿಡದೆ ಇಳಿಜಾರು ಮಾಡುವುದು, ಮೆಟ್ಟಿಲು, ಬೇಲಿ, ಹುಲ್ಲು, ನಿಗಾ ಸೇರಿ 3.3 ಕೋಟಿ. ದನ, ಮಕ್ಕಳು ಬೀಳುವಂಥ 12 ಮೀಟರ್ ಗೋಡೆ ಬಿಟ್ಟು ಅದನ್ನು ಕೆರೆ ಅನ್ನುವುದಕ್ಕೆ ಯಾರೂ ಒಪ್ಪಲಿಲ್ಲ, ಒಪ್ಪಲೂಬಾರದು.

ದೊಡ್ಡ ಉಳಿತಾಯ ಬಂದದ್ದು ಸಮಯದಿಂದ. ತುಂಬುವ ಕೆಲಸ ಕೊನೆಗೆ ಕಾಯದೆ ಮೂರನೇ ವರ್ಷವೇ ಶುರು. ಕಲ್ಲು ಒಯ್ದ ಟಿಪ್ಪರ್ ಖಾಲಿ ಬರುವ ಬದಲು ದಾರಿಯಲ್ಲಿರುವ ಫರ್ಸಿ ತ್ಯಾಜ್ಯ ತುಂಬಿಕೊಂಡು ಬರುತ್ತದೆ, ಘನ ಮೀಟರ್‌ಗೆ 190 ಇದ್ದದ್ದು 150ಕ್ಕೆ ಇಳಿಯುತ್ತದೆ. 5 ಲಕ್ಷ ಘನ ಮೀಟರ್‌ಗೆ 7.5 ಕೋಟಿ. ಹೊಸ ಪಟ್ಟಿಯಲ್ಲಿ ತೆಗೆದ ಎರೆಮಣ್ಣು ದಿಬ್ಬಕ್ಕೆ ಹೋಗದೆ ನೇರ ತುಂಬಿದ ಪಟ್ಟಿಯ ಮೇಲೆ ಬೀಳುತ್ತದೆ. ಒಂದೇ ಸಲ ಎತ್ತಿ ಒಂದೇ ಸಲ ಹರಡುವುದರಿಂದ ಅದಕ್ಕೆ 70 ಲಕ್ಷ ಸಾಕು. ಮಿಕ್ಕ ಎರೆಮಣ್ಣನ್ನು ಸುತ್ತಲಿನ ತೆಳು ಹೊಲದವರು ಒಯ್ಯುತ್ತೇವೆ ಎಂದರು. ಒಟ್ಟು 14 ಕೋಟಿ. ಅದರಲ್ಲಿ ಮೂರು, ನಾಲ್ಕು, ಐದನೇ ವರ್ಷ ಎರಡೆರಡು ಕೋಟಿ, ಆರನೇ ವರ್ಷ 8 ಕೋಟಿ. ನಡುವೆ ಆಗುವ ಖರ್ಚು ಲಾಭ ಇರುವ ವರ್ಷಗಳಲ್ಲೇ ಬರುವುದರಿಂದ ತೆರಿಗೆಯಲ್ಲೂ ಲೆಕ್ಕಕ್ಕೆ ಸಿಗುತ್ತದೆ.

```
B2: -12  C2: 8  D2: 8  E2: 6  F2: 6  G2: 6  H2: -8
```

ಕೊನೆಯ ವರ್ಷ ಈಗಲೂ ಕಳೆಯಲ್ಲೇ ಇದೆ. ಚಿಹ್ನೆ ಈಗಲೂ ಎರಡು ಸಲ ಬದಲಾಗುತ್ತದೆ. ಆದರೆ ಬರೀ ಕೂಡಿ ಕಳೆದರೆ 14 ಕೋಟಿ ಉಳಿಯುತ್ತದೆ. ಮೊದಲು ಕಳೆ, ನಡುವೆ ಕೂಡು, ಕೊನೆಗೆ ಕಳೆ ಇರುವ ಹಾಳೆಯಲ್ಲಿ ಈ ಬರೀ ಮೊತ್ತ ಕೂಡು ಆಗಿದ್ದರೆ ಸೊನ್ನೆಗಿಂತ ಮೇಲಿನ ಐಆರ್‌ಆರ್ ಒಂದೇ ಇರುತ್ತದೆ, ಇನ್ನೊಂದು ಸೊನ್ನೆಯ ಕೆಳಗೆ ಹೋಗಿ ಯಾರಿಗೂ ಅಡ್ಡ ಬರುವುದಿಲ್ಲ. ಮೊತ್ತವೇ ಕಳೆ ಆಗಿದ್ದರೆ ಸೊನ್ನೆಯ ಮೇಲೆ ಎರಡು ಉತ್ತರ ಬರಬಹುದು, ಅಥವಾ ಒಂದೂ ಬರದೆ ಎಕ್ಸೆಲ್ `#NUM!` ತೋರಿಸಬಹುದು. ಹಾಗಾಗಿ ಐಆರ್‌ಆರ್ ಒತ್ತುವ ಮೊದಲು ನಾನು ಸಾಲನ್ನು ಸುಮ್ನೆ ಒಮ್ಮೆ ಕೂಡುತ್ತೇನೆ. ಈ ಹೊಸ ಹಾಳೆಯ ಐಆರ್‌ಆರ್ 50%ರ ಹತ್ತಿರ. ಅದನ್ನೂ ನಾನು ಜಾಸ್ತಿ ನಂಬಲಿಲ್ಲ. ಕೊನೆಯ 8 ಕೋಟಿಯನ್ನು ಮತ್ತೆ 7% ಠೇವಣಿಯಲ್ಲಿ ವರ್ಷ ವರ್ಷ ಕಟ್ಟಿಸಿ ನೋಡಿದೆ. ವರ್ಷಕ್ಕೆ 1.3 ಕೋಟಿ, ಟನ್‌ಗೆ 17 ರೂಪಾಯಿ. ಅದನ್ನು ಕಳೆದ ಮೇಲೂ 11%ನಲ್ಲಿ ಎನ್‌ಪಿವಿ 8.8 ಕೋಟಿ ಲಾಭ.

ಮುತ್ಯಾನ ಪ್ರಶ್ನೆಗೆ ಉತ್ತರ ಕರಾರಿನಲ್ಲೇ ಬರೆಸಲಾಯಿತು. ಪ್ರತಿ ಟನ್ ಕಲ್ಲು ಗೇಟ್ ದಾಟುವಾಗ 17 ರೂಪಾಯಿ ಎಸ್ಕ್ರೋ ಖಾತೆಗೆ ಹೋಗಬೇಕು, ರೈತರ ಪರವಾಗಿ ಒಬ್ಬರ ಸಹಿ ಇಲ್ಲದೆ ಅಲ್ಲಿಂದ ದುಡ್ಡು ತೆಗೆಯುವಂತಿಲ್ಲ. ಡೀಸೆಲ್ ದರ ನೋಡಿಕೊಂಡು ಆ 17 ರೂಪಾಯಿಯನ್ನು ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಲೆಕ್ಕ ಹಾಕಬೇಕು. ಅಂತಿಮ ಗಣಿ ಮುಚ್ಚುವ ಯೋಜನೆಯನ್ನು ಮುಚ್ಚುವ ಎರಡು ವರ್ಷ ಮೊದಲು ಸಲ್ಲಿಸಬೇಕು ಎಂದು ನಿಯಮ ಇದೆ. ಆ ಹೊತ್ತಿಗೆ, ಅಂದರೆ ನಾಲ್ಕನೇ ವರ್ಷ, ಗುಂಡಿಯನ್ನು ಮತ್ತೆ ಅಳೆದು ಖಾತೆಯ ದುಡ್ಡಿಗೆ ಹೋಲಿಸಿ ನೋಡಬೇಕು. ಕಡಿಮೆ ಬಿದ್ದರೆ ಉಳಿದ ಕಲ್ಲಿನ ಮೇಲೆ ಟನ್ ದರ ಏರಿಸಬೇಕು. ಈ ಕೊನೆಯ ಸಾಲಿಗೆ ಮಾಲೀಕರು ಮೊದಲು ಒಪ್ಪಿರಲಿಲ್ಲ. ಐದನೇ ವರ್ಷ ಮುಗಿದರೆ ದರ ಏರಿಸಲು ಕಲ್ಲೇ ಉಳಿದಿರುವುದಿಲ್ಲ ಎಂದು ತೋರಿಸಿದ ಮೇಲೆ ಸಹಿ ಹಾಕಿದರು.